ಕೊನೆಯಲ್ಲಿ ಕೂತ ಪದ, ನಡುವೆ ನುಸುಳಿದ ಪದ

ಇಂಗ್ಲಿಷ್ ಬರೆಯುವವರ ಕೈಯನ್ನು ತಲೆಮಾರುಗಳಿಂದ ಹಿಡಿದು ನಿಲ್ಲಿಸಿರುವ ಎರಡು ನಿಯಮಗಳಿವೆ. ವಾಕ್ಯವನ್ನು ಪ್ರಿಪೊಸಿಷನ್‌ನಿಂದ ಮುಗಿಸಬಾರದು ಎಂಬುದು ಒಂದು. ಇನ್ಫಿನಿಟಿವ್‌ನ ‘ಟು’ ಮತ್ತು ಕ್ರಿಯಾಪದದ ನಡುವೆ ಇನ್ನೊಂದು ಪದ ಬರಬಾರದು ಎಂಬುದು ಮತ್ತೊಂದು. ಇವೆರಡೂ ಹಳೆಯ ನಿಯಮಗಳು, ಈಗ ಕಾಲ ಬದಲಾಗಿದೆ, ಆದ್ದರಿಂದ ಸಡಿಲಿಸಿದ್ದಾರೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಆ ಮಾತು ಅರ್ಧ ಮಾತ್ರ ನಿಜ. ಇವು ಇಂಗ್ಲಿಷಿನ ವ್ಯಾಕರಣವಾಗಿ ಯಾವತ್ತೂ ಇರಲೇ ಇಲ್ಲ. ಶೈಲಿಯ ಬಗ್ಗೆ ಕೆಲವರು ಹೇಳಿದ ಅಭಿರುಚಿಯ ಮಾತು ಕೈಯಿಂದ ಕೈಗೆ ದಾಟುತ್ತ ಬಿಗಿಯಾಗಿ, ಕೊನೆಗೆ ತಪ್ಪು-ಸರಿಯ ತೀರ್ಪಾಯಿತು. ಆ ಪಯಣವನ್ನು ಗಮನಿಸಿದರೆ ಇವನ್ನು ಎಲ್ಲಿ ಬಿಡಬೇಕು, ಎಲ್ಲಿ ಉಳಿಸಿಕೊಳ್ಳಬೇಕು ಎರಡೂ ತಿಳಿಯುತ್ತದೆ.

ಮೊದಲ ನಿಯಮದ ಕತೆಗೆ ಒಬ್ಬ ಕವಿಯೇ ಮುಖ್ಯ ಪಾತ್ರ. 1672ರಲ್ಲಿ ಜಾನ್ ಡ್ರೈಡನ್ ಹಿಂದಿನ ಪೀಳಿಗೆಯ ನಾಟಕಕಾರರ ಭಾಷೆಯನ್ನು ಒರೆಗೆ ಹಚ್ಚುತ್ತ, ಬೆನ್ ಜಾನ್ಸನ್‌ನ ‘ಕ್ಯಾಟಿಲೈನ್’ ನಾಟಕದ ಒಂದು ಸಾಲನ್ನು ಎತ್ತಿಕೊಂಡ. ಆ ಸಾಲು ‘ಫ್ರಮ್’ ಎಂಬ ಪ್ರಿಪೊಸಿಷನ್‌ನಿಂದ ಮುಗಿಯುತ್ತದೆ. ಇದು ಜಾನ್ಸನ್‌ನಲ್ಲಿ ಪದೇಪದೇ ಕಾಣುವ ದೋಷ, ನನ್ನ ಬರಹದಲ್ಲೂ ಇರುವುದನ್ನು ಈಚೆಗೆ ಗಮನಿಸಿದೆ ಎಂದ. ಯಾಕೆ ದೋಷ ಎಂದು ಮಾತ್ರ ಅಲ್ಲಿ ಹೇಳಲಿಲ್ಲ. ಸುಳಿವು ಬೇರೊಂದು ಕಡೆ ಸಿಗುತ್ತದೆ. 1679ರಲ್ಲಿ ಅವನೇ ಒಪ್ಪಿಕೊಂಡಂತೆ, ತಾನು ಬರೆದದ್ದು ಶುದ್ಧ ಇಂಗ್ಲಿಷೇ ಅಲ್ಲವೇ ಎಂಬ ಅನುಮಾನ ಬಂದಾಗಲೆಲ್ಲ ಅದನ್ನು ಲ್ಯಾಟಿನ್‌ಗೆ ಅನುವಾದಿಸಿ ನೋಡುವುದು ಅವನ ರೂಢಿಯಾಗಿತ್ತು. ಲ್ಯಾಟಿನ್‌ನಲ್ಲಿ ಪ್ರಿಪೊಸಿಷನ್ ತನ್ನ ನಾಮಪದವನ್ನು ಬಿಟ್ಟು ವಾಕ್ಯದ ತುದಿಗೆ ಹೋಗಿ ಕೂರುವುದಿಲ್ಲ. ಆ ಹೆಸರಿನ ಅರ್ಥವೇ ಮುಂದೆ ಇಟ್ಟದ್ದು ಎಂದು. 1684ರಲ್ಲಿ ತನ್ನ ಹಳೆಯ ಪ್ರಬಂಧವನ್ನು ಮತ್ತೆ ಅಚ್ಚು ಹಾಕಿಸುವಾಗ ಡ್ರೈಡನ್ ತುದಿಯ ಪ್ರಿಪೊಸಿಷನ್‌ಗಳನ್ನು ಹೆಕ್ಕಿ ಒಳಗೆ ತಳ್ಳಿದ. ಹೆಸರಿನ ಅರ್ಥವೇ ನಿಯಮಕ್ಕೆ ಆಧಾರವೆನ್ನುವವರು ಲ್ಯಾಟಿನ್‌ನ ‘ಮೇಕುಮ್’ ಪದವನ್ನು ನೋಡಬೇಕು. ‘ನನ್ನೊಂದಿಗೆ’ ಎಂಬ ಆ ಮಾತಿನಲ್ಲಿ ‘ಕುಮ್’ ಎಂಬ ಪ್ರಿಪೊಸಿಷನ್ ಸರ್ವನಾಮದ ಹಿಂದೆ ಬಂದು ಅಂಟಿಕೊಂಡಿದೆ. ಹೆಸರು ಮುಂದೆ ಎನ್ನುತ್ತದೆ, ಪದ ಹಿಂದೆ ನಿಂತಿದೆ. ಹೆಸರಿನಿಂದ ವ್ಯಾಕರಣ ಹುಟ್ಟುವುದಿಲ್ಲ ಎನ್ನುವುದಕ್ಕೆ ಲ್ಯಾಟಿನ್ನೇ ಸಾಕ್ಷಿ.

ನಿಯಮ ಶಾಲೆಗೆ ಬಂದದ್ದು ಹೇಗೆ ಎಂಬುದು ಇನ್ನೂ ಸ್ವಾರಸ್ಯಕರ. ಇದನ್ನು ಹೇರಿದವನೆಂದು ಎಲ್ಲರೂ ಬೆರಳು ತೋರಿಸುವುದು 1762ರಲ್ಲಿ ಇಂಗ್ಲಿಷ್ ವ್ಯಾಕರಣ ಬರೆದ ರಾಬರ್ಟ್ ಲೌತ್ ಎಂಬ ಪಾದ್ರಿಯ ಕಡೆಗೆ. ಮುಂದೆ ಅವನು ಲಂಡನ್ನಿನ ಬಿಷಪ್ ಆದ. ಅವನ ಪುಟವನ್ನು ತೆರೆದರೆ ನಿಷೇಧ ಸಿಗುವುದಿಲ್ಲ. ತುದಿಯ ಪ್ರಿಪೊಸಿಷನ್ ನಮ್ಮ ಭಾಷೆಗೆ ತುಂಬ ಒಗ್ಗಿದ ನುಡಿಗಟ್ಟು, ಮಾತಿಗೂ ಸರಳ ಬರಹಕ್ಕೂ ಹೊಂದುತ್ತದೆ, ಗಂಭೀರ ಶೈಲಿಗೆ ಮಾತ್ರ ಮುಂದಿಡುವುದು ಹೆಚ್ಚು ಲಕ್ಷಣ ಎಂದಷ್ಟೇ ಅವನು ಬರೆದದ್ದು. ಒಗ್ಗಿದೆ ಎಂದು ಹೇಳುವ ಆ ವಾಕ್ಯವನ್ನೇ ‘ಟು’ ಎಂಬ ಪ್ರಿಪೊಸಿಷನ್‌ನಿಂದ ಮುಗಿಸಿದ್ದಾನೆ. 1795ರಲ್ಲಿ ಲಿಂಡ್ಲಿ ಮರ್ರೆ ತನ್ನ ವ್ಯಾಕರಣಕ್ಕೆ ಲೌತ್‌ನ ಆ ವಾಕ್ಯವನ್ನು ಎತ್ತಿಕೊಂಡಾಗ ತುದಿಯ ‘ಟು’ವನ್ನು ಕಿತ್ತು ಮುಂದಕ್ಕೆ ತಂದ. ಇಡೀ ಪರಂಪರೆಯ ಚಿತ್ರ ಈ ಒಂದು ತಿದ್ದುಪಡಿಯಲ್ಲಿದೆ. ಒಬ್ಬ ಇದು ನಮ್ಮ ಭಾಷೆಯ ನಡೆ ಎಂದು ಹೇಳಿ ಹಾಗೆಯೇ ನಡೆದು ತೋರಿಸಿದ. ಅವನ ಹಿಂದೆ ಬಂದವನು ಆ ಮಾತನ್ನು ಇಟ್ಟುಕೊಂಡು ನಡೆಯನ್ನು ತಿದ್ದಿದ. ಮರ್ರೆಯ ಪುಸ್ತಕ 19ನೆಯ ಶತಮಾನದ ಇಂಗ್ಲೆಂಡ್ ಮತ್ತು ಅಮೆರಿಕದ ಶಾಲೆಗಳಲ್ಲಿ ಮನೆಮಾತಾಯಿತು. ಶೈಲಿಯ ಮೇಲು-ಕೆಳಗುಗಳ ಬಗ್ಗೆ ಲೌತ್ ಹೇಳಿದ ನಾಜೂಕಿನ ಮಾತು ಮೇಷ್ಟ್ರ ಕೆಂಪು ಶಾಯಿಯಾಯಿತು.

ಇಂಗ್ಲಿಷಿನ ರಚನೆಯೊಳಗೆ ಇಳಿದು ನೋಡಿದರೆ ಆ ಶಾಯಿಗೆ ಆಧಾರವೇ ಇಲ್ಲ. ‘ದಿ ವಾಚ್ ದ್ಯಾಟ್ ಐ ಆಸ್ಕ್ಡ್ ಫಾರ್’ ಎಂಬ ಪದಗುಚ್ಛವನ್ನು ತೆಗೆದುಕೊಳ್ಳಿ, ಅಂದರೆ ನಾನು ಕೇಳಿದ ಗಡಿಯಾರ. ನಿಯಮ ಪಾಲಿಸಲು ‘ಫಾರ್’ ಅನ್ನು ‘ದ್ಯಾಟ್’ ಎಂಬುದರ ಮುಂದೆ ತಂದರೆ ‘ಫಾರ್ ದ್ಯಾಟ್ ಐ ಆಸ್ಕ್ಡ್’ ಆಗುತ್ತದೆ. ಇಂಥ ಇಂಗ್ಲಿಷನ್ನು ಯಾರೂ ಆಡುವುದಿಲ್ಲ. ‘ದ್ಯಾಟ್’ ತನ್ನ ಮುಂದೆ ಪ್ರಿಪೊಸಿಷನ್ ಸಹಿಸುವುದೇ ಇಲ್ಲ. ‘ದ್ಯಾಟ್’ ತೆಗೆದು ‘ವಿಚ್’ ಹಾಕಿದರೆ ಮಾತ್ರ ದಾರಿ ಉಂಟು. ಕರ್ಮಣಿ ಪ್ರಯೋಗದಲ್ಲಿ ಆ ದಾರಿಯೂ ಇಲ್ಲ. ‘ಶಿ ವಾಸ್ ಲಾಫ್ಡ್ ಅಟ್’ ಎಂದರೆ ಜನ ಅವಳನ್ನು ನೋಡಿ ನಕ್ಕರು. ಇಲ್ಲಿನ ‘ಅಟ್’ ಮುಂದೆ ಹೋಗಲು ಜಾಗವೇ ಇಲ್ಲ, ಅದರ ನಾಮಪದ ಆಗಲೇ ಕರ್ತೃವಿನ ಪೀಠದಲ್ಲಿ ಕೂತಿದೆ. ಒಂದು ನಿಯಮವನ್ನು ಪಾಲಿಸಿದಾಗಲೇ ವಾಕ್ಯ ಕೆಡುತ್ತದೆ ಎಂದಾದರೆ ಅದು ಆ ಭಾಷೆಯ ನಿಯಮವಲ್ಲ, ಹೊರಗಿನಿಂದ ಬಂದದ್ದು. ಕರ್ನಾಟಕದ ಎಷ್ಟೋ ಮನೆಗಳ ಕಪಾಟಿನಲ್ಲಿ ಇರುವ ರೆನ್ ಅಂಡ್ ಮಾರ್ಟಿನ್ ವ್ಯಾಕರಣವೂ ಇದನ್ನು ತಪ್ಪೆನ್ನುವುದಿಲ್ಲ. ಸಂಬಂಧ ಸರ್ವನಾಮ ‘ದ್ಯಾಟ್’ ಆದಾಗ ಪ್ರಿಪೊಸಿಷನ್ ಯಾವಾಗಲೂ ತುದಿಗೇ ಬರುತ್ತದೆ ಎಂದು ಅದು ಟಿಪ್ಪಣಿ ಕೊಡುತ್ತದೆ. ಆ ಪುಸ್ತಕದ ಹೆಸರಿನಲ್ಲಿ ಹೆದರುವವರು ಆ ಪುಟವನ್ನು ಓದಿದಂತಿಲ್ಲ.

ಎರಡನೆಯ ನಿಯಮದ ವಂಶಾವಳಿ ಬೇರೆ. ‘ಟು’ ಮತ್ತು ಕ್ರಿಯಾಪದದ ನಡುವೆ ಪದ ಸೇರಿಸುವುದು 14ನೆಯ ಶತಮಾನದ ಬರಹಗಳಲ್ಲೇ ಇದೆ. 16ನೆಯ ಶತಮಾನದಿಂದ ಅಪರೂಪವಾಗಿ, 18ನೆಯ ಶತಮಾನದ ಕೊನೆಯ ಹೊತ್ತಿಗೆ ಮತ್ತೆ ಹೆಚ್ಚಿತು. ಹೆಚ್ಚಿದ್ದರಿಂದಲೇ ಕಣ್ಣಿಗೆ ಬಿತ್ತು. ಲೌತ್‌ನ ಪುಸ್ತಕದಲ್ಲಿ ಇದರ ಸುದ್ದಿಯೇ ಇಲ್ಲ. 1834ರಲ್ಲಿ ಅಮೆರಿಕದ ಒಂದು ಮಾಸಿಕದಲ್ಲಿ ಹೆಸರು ಹೇಳದ ಲೇಖಕನೊಬ್ಬ ಇದನ್ನು ಆಕ್ಷೇಪಿಸಿದ. 1864ರಲ್ಲಿ ಕ್ಯಾಂಟರ್‌ಬರಿಯ ಡೀನ್ ಹೆನ್ರಿ ಆಲ್ಫರ್ಡ್ ಆಕ್ಷೇಪಕ್ಕೆ ತೂಕ ಕೊಟ್ಟ. ಲ್ಯಾಟಿನ್‌ನಲ್ಲಿ ಇನ್ಫಿನಿಟಿವ್ ಒಂದೇ ಪದ, ಅದನ್ನು ಒಡೆಯಲಾಗದು, ಅದಕ್ಕೇ ಇಂಗ್ಲಿಷಿನಲ್ಲೂ ಒಡೆಯಬಾರದು ಎಂದು ಇವರೆಲ್ಲ ವಾದಿಸಿದರೆಂದು ಇಂದು ಹೇಳಲಾಗುತ್ತದೆ. ಆಲ್ಫರ್ಡ್‌ನ ವಾದ ಅದಲ್ಲ. ಮಾತಾಡುವವರೂ ಬರೆಯುವವರೂ ‘ಟು’ವನ್ನು ಕ್ರಿಯಾಪದದಿಂದ ಬೇರೆ ಮಾಡುವುದಿಲ್ಲ ಎಂದು ಅವನು ಬಳಕೆಯನ್ನೇ ಮುಂದಿಟ್ಟ. ಪರಂಪರೆಯನ್ನು ಟೀಕಿಸುವಾಗಲೂ ಅದು ಆಡದ ಮಾತನ್ನು ಅದರ ಬಾಯಿಗೆ ತುರುಕಬಾರದು. ಆಲ್ಫರ್ಡ್‌ನ ನಿಜವಾದ ವಾದವೇ ಅವನ ನಿಯಮವನ್ನು ಹೆಚ್ಚು ಚೆನ್ನಾಗಿ ಕೆಡವುತ್ತದೆ. ಬಳಕೆಯೇ ಪ್ರಮಾಣವಾದರೆ, ಬಳಕೆ ಬದಲಾದ ದಿನ ನಿಯಮವೂ ಹೋಗಬೇಕು. ‘ಟು’ ಕ್ರಿಯಾಪದದ ಅಂಗವೂ ಅಲ್ಲ. ‘ಐ ಸಾ ಹಿಮ್ ಗೋ’ ಎನ್ನುವಾಗ ‘ಟು’ ಇಲ್ಲದೆಯೇ ಇನ್ಫಿನಿಟಿವ್ ನಿಂತಿದೆ. ಹಳೆಯ ಇಂಗ್ಲಿಷಿನಲ್ಲಿ ಅದು ಬಿಡಿಯಾದ ಪ್ರಿಪೊಸಿಷನ್ನೇ ಆಗಿತ್ತು.

ಇದರಿಂದ ಆಗುವ ನಷ್ಟವನ್ನು ಒಂದು ವಾಕ್ಯದಲ್ಲಿ ತೂಗಿ ನೋಡಬಹುದು. ಆದೇಶವೊಂದು ಒಬ್ಬನಿಗೆ ಪೂರ್ತಿ ಅರ್ಥವಾಗಲಿಲ್ಲ, ಸ್ವಲ್ಪ ಅರ್ಥವಾಗಿತ್ತು ಎಂದು ಹೇಳಬೇಕಾಗಿದೆ. ‘ಹಿ ಫೇಲ್ಡ್ ಟು ಕಂಪ್ಲೀಟ್ಲಿ ಅಂಡರ್‌ಸ್ಟ್ಯಾಂಡ್ ದಿ ಆರ್ಡರ್’ ಎಂದರೆ ಆ ಅರ್ಥ ನೇರವಾಗಿ ಬರುತ್ತದೆ. ಒಡೆಯಬಾರದೆಂದು ‘ಕಂಪ್ಲೀಟ್ಲಿ’ಯನ್ನು ‘ಟು’ವಿನ ಹಿಂದಕ್ಕೆ ತಳ್ಳಿ ‘ಫೇಲ್ಡ್ ಕಂಪ್ಲೀಟ್ಲಿ ಟು ಅಂಡರ್‌ಸ್ಟ್ಯಾಂಡ್’ ಎಂದರೆ ಅದು ‘ಫೇಲ್ಡ್’ಗೆ ಅಂಟಿಕೊಂಡು, ಅವನಿಗೆ ಏನೂ ಅರ್ಥವಾಗಲೇ ಇಲ್ಲ ಎಂಬ ಕಡೆ ವಾಕ್ಯ ವಾಲುತ್ತದೆ. ವಾಕ್ಯದ ಕೊನೆಗೆ ಒಯ್ದರೆ ಅರ್ಥ ಉಳಿಯುತ್ತದೆ, ಆದರೆ ‘ಆರ್ಡರ್’ ಬದಲು ಎರಡು ಸಾಲಿನ ವಿವರ ಬಂದಾಗ ಪದ ತನ್ನ ಕ್ರಿಯೆಯಿಂದ ಮೈಲಿ ದೂರ ಹೋಗಿ ನಿಲ್ಲುತ್ತದೆ. ‘ವಿ ಎಕ್ಸ್‌ಪೆಕ್ಟ್ ಸೇಲ್ಸ್ ಟು ಮೋರ್ ದ್ಯಾನ್ ಡಬಲ್’, ಅಂದರೆ ಮಾರಾಟ ದುಪ್ಪಟ್ಟಿಗಿಂತ ಹೆಚ್ಚಾಗುವ ನಿರೀಕ್ಷೆ, ಎಂಬ ಮಾತಿನಲ್ಲಂತೂ ‘ಮೋರ್ ದ್ಯಾನ್’ಗೆ ಬೇರೆ ಜಾಗವೇ ಇಲ್ಲ. ನಿಯಮ ಪಾಲಿಸಬೇಕೆಂದರೆ ವಾಕ್ಯವನ್ನೇ ಕೆಡವಿ ಹೊಸದಾಗಿ ಕಟ್ಟಬೇಕು.

ನಿಯಮ ಬಿಟ್ಟರೆ ಏನು ಬೇಕಾದರೂ ಬರೆಯಬಹುದೇ ಎಂಬ ಆಕ್ಷೇಪ ಬರುತ್ತದೆ. ಬರೆಯಲಾಗದು. ಪ್ರಿಪೊಸಿಷನ್ ಎಲ್ಲ ಕಡೆಯೂ ತುದಿಗೆ ಒಗ್ಗುವುದಿಲ್ಲ. ‘ದಿ ಕ್ಲಾಸ್ ಡ್ಯೂರಿಂಗ್ ವಿಚ್ ಹಿ ಸ್ಲೆಪ್ಟ್’ ಎಂಬುದರ ‘ಡ್ಯೂರಿಂಗ್’ ಕೊನೆಗೆ ಹೋದರೆ ಇಂಗ್ಲಿಷರ ಕಿವಿಗೆ ಕರ್ಕಶ. ‘ಟು’ವಿನ ಬಳಿಕ ಐದಾರು ಪದ ತುಂಬಿದರೆ ಓದುವವನು ಕ್ರಿಯಾಪದ ಹುಡುಕಿ ಸುಸ್ತಾಗುತ್ತಾನೆ. ಈ ಮಿತಿಗಳನ್ನು ಹಾಕುವುದು ಭಾಷೆಯೇ, ಅವು ಪ್ರತಿ ವಾಕ್ಯದಲ್ಲೂ ಬೇರೆ. ಒಂದೇ ಗೆರೆ ಎಳೆದ ನಿಯಮಕ್ಕೆ ಇದು ಕಾಣುವುದಿಲ್ಲ, ಕಿವಿಗೆ ಕೇಳಿಸುತ್ತದೆ. ಪರೀಕ್ಷೆಯಲ್ಲಿ, ಕಚೇರಿಯಲ್ಲಿ ತಿದ್ದುವವರು ಹಳೆಯ ನಂಬಿಕೆಯವರಾದರೆ ಏನು ಮಾಡುವುದು ಎಂಬ ಇನ್ನೊಂದು ಆಕ್ಷೇಪ ಹೆಚ್ಚು ವ್ಯಾವಹಾರಿಕ. ಅಲ್ಲಿ ತುದಿಯ ಪ್ರಿಪೊಸಿಷನ್ ತಪ್ಪಿಸುವುದು ಜಾಣತನವಿರಬಹುದು. ಆದರೆ ಅದು ಓದುವವನನ್ನು ನೋಡಿ ಉಟ್ಟ ಬಟ್ಟೆ, ವ್ಯಾಕರಣವಲ್ಲ. ತಿದ್ದುವವರ ನೆಲೆಯೂ ಬದಲಾಗಿದೆ. 1926ರಲ್ಲಿ ಹೆನ್ರಿ ಫೌಲರ್ ತನ್ನ ಬಳಕೆಯ ಕೋಶದಲ್ಲಿ ಮೊದಲ ನಿಯಮವನ್ನು ಮೂಢನಂಬಿಕೆ ಎಂದೇ ಕರೆದಿದ್ದ. ಎರಡನೆಯದರಲ್ಲಿ ಅಸಹಜವಾಗಿ ತಿರುಚಿದ ವಾಕ್ಯಕ್ಕಿಂತ ಒಡೆದ ವಾಕ್ಯವೇ ಮೇಲು ಎಂದಿದ್ದ. 2018ರಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆ ಇನ್ಫಿನಿಟಿವ್ ಒಡೆಯುವುದರ ಮೇಲಿನ ತನ್ನ ಹಳೆಯ ನಿಷೇಧವನ್ನು ಸಡಿಲಿಸಿತು.

ಕನ್ನಡ ಓದುವವರಿಗೆ ಈ ಜಗಳ ಪೂರಾ ಪರಕೀಯವಲ್ಲ. ಇಂಗ್ಲಿಷಿನವರು ತುದಿಯ ಪದದ ಬಗ್ಗೆ ಇಷ್ಟು ಹೊಡೆದಾಡುವ ಕಡೆ ನಮ್ಮ ಭಾಷೆ ಪದವನ್ನೇ ನುಂಗಿಬಿಡುತ್ತದೆ. ‘ನಾನು ಕೂತ ಕುರ್ಚಿ’ ಎನ್ನುವಾಗ ‘ಮೇಲೆ’ ಎಲ್ಲಿಯೂ ಇಲ್ಲ, ಆದರೂ ಯಾರಿಗೂ ಅರ್ಥ ತಪ್ಪುವುದಿಲ್ಲ. ‘ಓದಬೇಕು’ ಎಂಬುದರ ನಡುವೆ ಒತ್ತು ತರುವ ‘ಏ’ ಹೊಕ್ಕು ‘ಓದಲೇಬೇಕು’ ಆಗುತ್ತದೆ. ಅದನ್ನು ಒಡಕು ಎಂದವರಿಲ್ಲ. ನಮ್ಮಲ್ಲೂ ಸಂಸ್ಕೃತದ ಅಳತೆಗೋಲಿನಿಂದ ಕನ್ನಡವನ್ನು ಅಳೆದ ವ್ಯಾಕರಣಗಳ ಸಾಲಿದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ವಾದಿಸಿದ್ದು ಅದಕ್ಕೇ. ಡ್ರೈಡನ್ ತನ್ನ ಇಂಗ್ಲಿಷನ್ನು ಲ್ಯಾಟಿನ್‌ನಲ್ಲಿ ಅದ್ದಿ ತೆಗೆದು ನೋಡಿದಂತೆ, ನಾವು ನಮ್ಮದನ್ನು ಬೇರೆ ನೀರಿನಲ್ಲಿ ಅದ್ದಿದ್ದೇವೆ. ಆದ್ದರಿಂದ ಇಂಗ್ಲಿಷ್ ಬರೆಯುವಾಗ ತುದಿಯಲ್ಲಿ ‘ಫಾರ್’ ಬಂತೆಂದು ಕೈ ನಡುಗಬೇಕಿಲ್ಲ. ಅದನ್ನು ಮುಂದಿಟ್ಟು ಒಮ್ಮೆ, ತುದಿಯಲ್ಲಿಟ್ಟು ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು. ಅರ್ಥ ಎಲ್ಲಿ ತಿಳಿಯಾಗಿದೆಯೋ ಅಲ್ಲಿ ಬಿಡಬೇಕು. ಲೌತ್ ಮಾಡಿದ್ದು ಇಷ್ಟೇ. ಅವನ ವಾಕ್ಯವನ್ನು ತಿದ್ದದೆ ಬಿಟ್ಟಿದ್ದರೆ ಈ ಲೇಖನವೇ ಬೇಕಾಗುತ್ತಿರಲಿಲ್ಲ.