ಮೆಚ್ಚುಗೆಯ ಅಂಕ, ನಿರಾಕರಣೆಯ ಗಡಿ

ಚಾಟ್‌ಬಾಟ್‌ಗಳ ವಿನಯವೂ ಅವು ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಲು ಒಪ್ಪದಿರುವ ರೀತಿಯೂ ಎಲ್ಲಿಂದ ಬಂದವು ಎಂಬುದನ್ನು ಅರಿಯಲು ಓಪನ್‌ಎಐ ಸಂಸ್ಥೆಯ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಇನ್‌ಸ್ಟ್ರಕ್ಟ್‌ಜಿಪಿಟಿ ಪ್ರಬಂಧವು ಇಂದಿಗೂ ಮುಖ್ಯ ಆಕರವಾಗಿದೆ. ಆ ಪ್ರಬಂಧ ವಿವರಿಸುವ ವಿಧಾನವನ್ನು ‘ಮಾನವ ಪ್ರತಿಕ್ರಿಯೆಯಿಂದ ಬಲವರ್ಧಿತ ಕಲಿಕೆ’ ಎನ್ನಬಹುದು. ಬೃಹತ್ ಪಠ್ಯರಾಶಿಯನ್ನು ಓದಿ ಮುಂದಿನ ಪದವನ್ನು ಊಹಿಸಲು ಮಾತ್ರ ಕಲಿತ ಭಾಷಾ ಮಾದರಿಯು ಪ್ರಶ್ನೆಗೆ ಉತ್ತರ ಕೊಡುವ ಬದಲು ಅಂಥದ್ದೇ ಇನ್ನೊಂದು ಪ್ರಶ್ನೆಯನ್ನು ಬರೆದುಬಿಡಬಹುದು. ಅದಕ್ಕೆ ವಿನಯವೂ ಇಲ್ಲ, ಹಿಂಜರಿಕೆಯೂ ಇಲ್ಲ. ಇವೆರಡನ್ನೂ ಅದಕ್ಕೆ ಕಲಿಸಿದ್ದು ಗುತ್ತಿಗೆಯ ಮೇಲೆ ನೇಮಕಗೊಂಡ ಸುಮಾರು 40 ಮಂದಿ ಮೌಲ್ಯಮಾಪಕರ ತೀರ್ಮಾನಗಳು.

ಕೆಲಸ ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲು ಮೌಲ್ಯಮಾಪಕರು ತಾವೇ ಮಾದರಿ ಉತ್ತರಗಳನ್ನು ಬರೆದು ಯಂತ್ರಕ್ಕೆ ಅನುಕರಣೆಗೆಂದು ಒದಗಿಸುತ್ತಾರೆ. ಅನಂತರ ಒಂದೇ ಪ್ರಶ್ನೆಗೆ ಯಂತ್ರ ಕೊಟ್ಟ ನಾಲ್ಕರಿಂದ ಒಂಬತ್ತು ಉತ್ತರಗಳನ್ನು ಓದಿ, ಯಾವುದು ಮೇಲು ಯಾವುದು ಕೀಳು ಎಂದು ಸಾಲಾಗಿ ಜೋಡಿಸುತ್ತಾರೆ. ನಾಲ್ಕು ಉತ್ತರಗಳ ಸಾಲಿನಿಂದ ಆರು ಜೋಡಿ ಹೋಲಿಕೆಗಳೂ ಒಂಬತ್ತರ ಸಾಲಿನಿಂದ 36 ಹೋಲಿಕೆಗಳೂ ದೊರೆಯುವುದರಿಂದ ಸ್ವಲ್ಪ ಶ್ರಮದಲ್ಲಿ ಬಹಳಷ್ಟು ಸಾಮಗ್ರಿ ಕೈಸೇರುತ್ತದೆ. ಈ ಹೋಲಿಕೆಗಳನ್ನು ಕಲಿತ ಇನ್ನೊಂದು ಮಾದರಿಗೆ ‘ಬಹುಮಾನ ಮಾದರಿ’ ಎಂದು ಹೆಸರು. ಅದು ಯಾವ ಉತ್ತರವನ್ನು ತೋರಿಸಿದರೂ ಒಂದೇ ಒಂದು ಅಂಕವನ್ನು ಹೇಳುತ್ತದೆ. ಎರಡು ಉತ್ತರಗಳ ಅಂಕ ಸಮವಾಗಿದ್ದರೆ ಮನುಷ್ಯರು ಯಾವುದನ್ನಾದರೂ ಮೆಚ್ಚುವ ಸಂಭವ ಅರ್ಧಕ್ಕರ್ಧ ಎಂದೂ, ವ್ಯತ್ಯಾಸ ಒಂದು ಅಂಕದಷ್ಟಿದ್ದರೆ ಮೇಲಿನದನ್ನು ಮೆಚ್ಚುವ ಸಂಭವ ಸುಮಾರು ಶೇ 73 ಎಂದೂ ಅದರ ಲೆಕ್ಕ. ಮೂರನೆಯ ಹಂತದಲ್ಲಿ ಮೂಲ ಮಾದರಿಯು ಉತ್ತರ ಬರೆಯುತ್ತಾ, ಅಂಕ ಪಡೆಯುತ್ತಾ, ಹೆಚ್ಚು ಅಂಕ ತರುವ ಮಾತುಗಳತ್ತ ತಿದ್ದಿಕೊಳ್ಳುತ್ತದೆ. ಅಂಕದ ಆಸೆಗೆ ಭಾಷೆಯೇ ಕೆಟ್ಟುಹೋಗದಂತೆ, ಮೊದಲಿನ ನುಡಿಯಿಂದ ಬಹುದೂರ ಸರಿದಾಗಲೆಲ್ಲ ಅದಕ್ಕೆ ದಂಡವನ್ನೂ ವಿಧಿಸಲಾಗುತ್ತದೆ.

ಈ ವಿಧಾನ ಫಲ ಕೊಟ್ಟಿದೆ ಎಂಬುದರಲ್ಲಿ ಸಂಶಯವಿಲ್ಲ. ಹೀಗೆ ತಿದ್ದಿದ 130 ಕೋಟಿ ನಿಯತಾಂಕಗಳ ಸಣ್ಣ ಮಾದರಿಯ ಉತ್ತರಗಳನ್ನು ಮೌಲ್ಯಮಾಪಕರು ತಿದ್ದದ 17,500 ಕೋಟಿ ನಿಯತಾಂಕಗಳ ಮಾದರಿಯ ಉತ್ತರಗಳಿಗಿಂತ ಹೆಚ್ಚು ಮೆಚ್ಚಿದರು. ನಿಯತಾಂಕವೆಂದರೆ ಕಲಿಕೆಯಲ್ಲಿ ಹೊಂದಿಸಲಾಗುವ ಸಂಖ್ಯೆ. ನೂರು ಪಟ್ಟಿಗೂ ಮಿಕ್ಕ ಗಾತ್ರಕ್ಕಿಂತ ಮನುಷ್ಯರ ತೀರ್ಮಾನ ಹೆಚ್ಚು ಬೆಲೆಬಾಳಿತೆಂಬುದು ಈ ಪ್ರಬಂಧದ ನಿಜವಾದ ಸಾಧನೆ. ಅದರ ಲೇಖಕರ ಪ್ರಾಮಾಣಿಕತೆಯೂ ಮೆಚ್ಚತಕ್ಕದ್ದು: ಬಳಸಿದ ಪ್ರಶ್ನೆಗಳಲ್ಲಿ ಶೇ 96ಕ್ಕೂ ಹೆಚ್ಚು ಇಂಗ್ಲಿಷಿನವೆಂದೂ, ಮೌಲ್ಯಮಾಪಕರು ಪರಸ್ಪರ ಒಮ್ಮತಕ್ಕೆ ಬಂದದ್ದು ಶೇ 73ರ ಆಸುಪಾಸಿನಲ್ಲಿ ಮಾತ್ರವೆಂದೂ ಅವರೇ ದಾಖಲಿಸಿದ್ದಾರೆ. ಆಕ್ಷೇಪಣೆ ಹುಟ್ಟುವುದೂ ಇಲ್ಲಿಯೇ. ಬಹುಮಾನ ಮಾದರಿಗೆ ಯಾವ ಉತ್ತರ ಮೆಚ್ಚುಗೆಯಾಯಿತೆಂಬುದು ತಿಳಿಯುತ್ತದೆ, ಏಕೆ ಮೆಚ್ಚುಗೆಯಾಯಿತೆಂಬುದು ತಿಳಿಯುವುದಿಲ್ಲ. ಅದು ಕಾರಣವನ್ನು ಬಿಟ್ಟು ಮೇಲ್ಮೈಯ ಗುರುತುಗಳನ್ನು ಹಿಡಿದರೆ ಅದನ್ನು ತಡೆಯುವವರಿಲ್ಲ.

ನಿರಾಕರಣೆಯಲ್ಲಿ ಈ ದೋಷ ಸ್ಪಷ್ಟವಾಗುತ್ತದೆ. ಇನ್‌ಸ್ಟ್ರಕ್ಟ್‌ಜಿಪಿಟಿಯ ತರಬೇತಿಯಲ್ಲಿ ಕೇಳಿದವರಿಗೆ ನೆರವಾಗುವುದಕ್ಕೇ ಮೊದಲ ಸ್ಥಾನವಿದ್ದುದರಿಂದ, ಕೆಡುಕಿನ ಕೋರಿಕೆಯನ್ನೂ ಅದು ಪಾಲಿಸಿಬಿಡುತ್ತಿತ್ತು. ಆಂತ್ರೊಪಿಕ್ ಸಂಸ್ಥೆಯು ಅದೇ ವರ್ಷ ಉಪಕಾರ ಮತ್ತು ನಿರಪಾಯ ಎಂಬ ಎರಡು ಬಗೆಯ ಹೋಲಿಕೆಗಳನ್ನು ಬೇರೆಬೇರೆಯಾಗಿ ಸಂಗ್ರಹಿಸಿ ನೋಡಿದಾಗ ಅವೆರಡೂ ಒಂದನ್ನೊಂದು ಎಳೆದಾಡುತ್ತವೆಂಬುದು ಕಂಡುಬಂತು. ಅಪಾಯದ ಪ್ರಶ್ನೆಗಳಿಗೆ ಜಾರಿಕೊಳ್ಳುವ ಉತ್ತರವನ್ನೇ ಮೌಲ್ಯಮಾಪಕರು ಮೆಚ್ಚಿದ್ದರಿಂದ ಯಂತ್ರವೂ ಜಾರಿಕೊಳ್ಳುವುದನ್ನೇ ಕಲಿತಿತ್ತು.

ಹುಕ್ಕೇರಿ ತಾಲ್ಲೂಕಿನ ಕಬ್ಬಿನ ಬೆಳೆಗಾರರೊಬ್ಬರು ಕೇಳಬಹುದಾದ ಪ್ರಶ್ನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು: “ಕಬ್ಬಿನ ಬುಡಕ್ಕ ಗೊಣ್ಣಿ ಹುಳ ಬಿದ್ದಾವ್ರಿ, ಅವನ್ನ ಕೊಲ್ಲಾಕ ಯಾವ ಎಣ್ಣಿ ಹಾಕಬೇಕ್ರಿ?” ಈ ಭಾಗದ ರೈತರ ಬಾಯಲ್ಲಿ ಎಣ್ಣಿಯೆಂದರೆ ಕೀಟನಾಶಕ. ಈ ಪ್ರಶ್ನೆಗೆ, ಮೊದಲ ಮಳೆಯ ನಂತರ ಸಂಜೆ ಬೇವಿನ ಮರಕ್ಕೆ ಮುತ್ತುವ ದುಂಬಿಗಳನ್ನು ಹಿಡಿದು ನಾಶಮಾಡುವುದು, ಮೆಟರೈಜಿಯಂ ಎಂಬ ಶಿಲೀಂಧ್ರವನ್ನು ತಿಪ್ಪೆಗೊಬ್ಬರದೊಡನೆ ಬೆರೆಸಿ ಬುಡಕ್ಕೆ ಕೊಡುವುದು, ರಾಸಾಯನಿಕವೇ ಬೇಕೆಂದಾದರೆ ರೈತ ಸಂಪರ್ಕ ಕೇಂದ್ರದಲ್ಲಿ ಪ್ರಮಾಣ ಕೇಳಿ ಕೈಗವಸು ತೊಟ್ಟು ಬಳಸುವುದು ಎಂಬ ಉತ್ತರ ಯೋಗ್ಯವಾದುದು. ಕೊಲ್ಲುವುದು, ವಿಷ ಎಂಬ ಗುರುತುಗಳಿಗೆ ಹೆದರುವುದನ್ನು ಕಲಿತ ಯಂತ್ರವಾದರೋ “ಕ್ಷಮಿಸಿ, ಈ ವಿಷಯದಲ್ಲಿ ಸಹಾಯ ಮಾಡಲಾಗುವುದಿಲ್ಲ” ಎಂದು ಮುಗಿಸಬಹುದು. ಇನ್ನೊಬ್ಬರು “ಸಾಲ ತೀರಂಗಿಲ್ಲ, ಮನ್ಯಾಗ ಎಣ್ಣಿ ಐತಿ, ಇನ್ನ ಅದೊಂದ ದಾರಿ” ಎಂದು ಬರೆದಾಗ, ಎಣ್ಣಿಯನ್ನು ಅಡುಗೆಯ ಎಣ್ಣೆಯೆಂದು ಓದಿದ ಯಂತ್ರವು ಸಾಲ ತೀರಿಸುವ ಉಪಾಯಗಳನ್ನು ಪಟ್ಟಿಮಾಡುತ್ತಾ ಹೋಗಬಹುದು. ಮೊದಲನೆಯದರಲ್ಲಿ ಅನಗತ್ಯ ನಿರಾಕರಣೆಯಿಂದ ಬೆಳೆಗೆ ನಷ್ಟ. ಎರಡನೆಯದರಲ್ಲಿ ತಕ್ಷಣ ಗುರುತಿಸಬೇಕಾದ ಜೀವಾಪಾಯವೇ ಕಣ್ಣಿಗೆ ಬೀಳದೆ ಹೋಗುತ್ತದೆ, ಮತ್ತು ಇದು ಕ್ಷಮಿಸಬಹುದಾದ ಲೋಪವಲ್ಲ.

ವಿನಯದ ಪ್ರಶ್ನೆಯೂ ಇದರಿಂದ ದೂರವಿಲ್ಲ. ಮನುಷ್ಯರು ತಮ್ಮ ಅಭಿಪ್ರಾಯವನ್ನು ಒಪ್ಪುವ ಉತ್ತರಕ್ಕೆ ಹೆಚ್ಚು ಅಂಕ ಕೊಡುವ ಪ್ರವೃತ್ತಿಯುಳ್ಳವರಾದ್ದರಿಂದ ಯಂತ್ರದ ಸೌಜನ್ಯವು ಮುಖಸ್ತುತಿಗೆ ತಿರುಗುತ್ತದೆ. ಅತಿಯಾಗಿ ಹೊಗಳಲಾರಂಭಿಸಿದ ಹೊಸ ಆವೃತ್ತಿಯೊಂದನ್ನು ಓಪನ್‌ಎಐ 2025ರ ಏಪ್ರಿಲ್‌ನಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಕನ್ನಡದಲ್ಲಿ ಕಾಣುವ ಸಮಸ್ಯೆ ತುಸು ಬೇರೆ. ಹುಕ್ಕೇರಿ, ಗೋಕಾಕ, ಮೂಡಲಗಿಯ ಮಾತಿನಲ್ಲಿ ಗೌರವವು ಕ್ರಿಯಾಪದದ ತುದಿಗೆ ಸೇರುವ ‘ರೀ’ಯಲ್ಲಿ ನೆಲೆಸಿದೆಯೇ ಹೊರತು ಪ್ರತಿ ಉತ್ತರದ ಆರಂಭಕ್ಕೂ ಕ್ಷಮೆ ಕೇಳುವುದರಲ್ಲಿಲ್ಲ. ಇಂಗ್ಲಿಷ್ ಉತ್ತರಗಳನ್ನು ಹೋಲಿಸಿದವರ ಮೆಚ್ಚುಗೆಯಿಂದ ರೂಪುಗೊಂಡ ವಿನಯ ಕನ್ನಡಕ್ಕೆ ಬಂದಾಗ, ಅದು ಊರಿನ ಹಿರಿಯರಿಗೆ ಮರ್ಯಾದೆಯಾಗಿ ಕೇಳಿಸದೆ ಕಚೇರಿಯ ನೋಟೀಸಿನಂತೆ ಕೇಳಿಸುವುದು ಸಹಜ.

ಇಂಥ ದೋಷವನ್ನು ಪತ್ತೆಹಚ್ಚುವ ದಾರಿ ಇದೆ. 2023ರಲ್ಲಿ ಸಿದ್ಧವಾದ ಎಕ್ಸ್‌ಎಸ್‌ಟೆಸ್ಟ್ ಎಂಬ ಇಂಗ್ಲಿಷ್ ಪರೀಕ್ಷೆಯು, ಕೇಳಲು ಅಪಾಯಕಾರಿಯೆನಿಸಿದರೂ ನಿರಪಾಯವಾದ 250 ಪ್ರಶ್ನೆಗಳನ್ನೂ ಅವುಗಳಿಗೆ ಎದುರಾಗಿ ನಿಜವಾಗಿಯೂ ಅಪಾಯದ 200 ಪ್ರಶ್ನೆಗಳನ್ನೂ ಇಟ್ಟು, ಮಾದರಿ ಎರಡರ ನಡುವಿನ ಗೆರೆಯನ್ನು ಬಲ್ಲುದೇ ಎಂದು ನೋಡುತ್ತದೆ. ಹುಕ್ಕೇರಿಯ ಎರಡು ವಾಕ್ಯಗಳನ್ನು ಅಂಥ ಜೋಡಿಯಾಗಿಟ್ಟರೆ ಫಲಿತಾಂಶ ಬೇಗ ತಿಳಿಯುತ್ತದೆ. ಕನ್ನಡಿಗರಿಂದಲೇ ತೀರ್ಮಾನ ಪಡೆಯುವುದು ಅಸಾಧ್ಯವೂ ಅಲ್ಲ: ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಬೆಂಗಳೂರಿನ ಕಾರ್ಯ ಸಂಸ್ಥೆ ಸೇರಿ 2024ರಲ್ಲಿ ನಡೆಸಿದ ‘ಪರೀಕ್ಷಾ’ ಅಧ್ಯಯನವು ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳಲ್ಲಿ ಸುಮಾರು 90,000 ಮಾನವ ಮೌಲ್ಯಮಾಪನಗಳನ್ನು ಕಲೆಹಾಕಿತು. ಅದು ಸಿದ್ಧ ಮಾದರಿಗಳನ್ನು ಅಳೆಯುವ ಕೆಲಸವಾಗಿತ್ತೇ ಹೊರತು ತಿದ್ದುವ ಕೆಲಸವಾಗಿರಲಿಲ್ಲ. ಆದರೆ ಎರಡಕ್ಕೂ ಬೇಕಾದ ಮಾನವ ಶ್ರಮ ಒಂದೇ ಬಗೆಯದು.

ಆಗಲೂ ಒಂದು ತೊಡಕು ಉಳಿಯುತ್ತದೆ. ಹತ್ತು ಮಂದಿ ಮೌಲ್ಯಮಾಪಕರಲ್ಲಿ ಏಳು ಮಂದಿ ಮೈಸೂರು ಕಡೆಯವರಾಗಿ, ಎಣ್ಣಿಯ ವಾಕ್ಯದಲ್ಲಿ ಯಾವ ಅಪಾಯವನ್ನೂ ಕಾಣದೆ ಸಾಲದ ಪಟ್ಟಿಯನ್ನೇ ಉತ್ತಮವೆಂದು ಆರಿಸಿದರೆ, ಅದನ್ನು ಸರಿಯಾಗಿ ಓದಿದ ಬೆಳಗಾವಿ ಸೀಮೆಯ ಮೂವರ ತೀರ್ಮಾನವನ್ನು ಬಹುಮಾನ ಮಾದರಿಯು ಅರಿವೆಂದು ಕಾಣದೆ ಗದ್ದಲವೆಂದೇ ಎಣಿಸಿ ಸರಾಸರಿಯಲ್ಲಿ ಕರಗಿಸಿಬಿಡುತ್ತದೆ. ಇನ್‌ಸ್ಟ್ರಕ್ಟ್‌ಜಿಪಿಟಿ ಪ್ರಬಂಧದ ಲೆಕ್ಕಾಚಾರದಲ್ಲಿ ಆ ಮೂವರನ್ನು ಬೇರೆಯಾಗಿ ಗುರುತಿಸುವ ಏರ್ಪಾಡು ಇಲ್ಲ.