ವಚನ ಎಲ್ಲರದ್ದು, ಅನುವಾದ ಯಾರದ್ದು?

ಭಕ್ತಿ ಸಾಹಿತ್ಯದ ಮೇಲೆ ಇಂಗ್ಲಿಷಿನಲ್ಲಿ ಬರುವ ಅಧ್ಯಯನ ಪುಸ್ತಕಗಳನ್ನು ಕೈಗೆತ್ತಿಕೊಂಡಾಗ ನಾನು ಮೊದಲು ನೋಡೋದು ಮುನ್ನುಡಿಯನ್ನಲ್ಲ, ಅದಕ್ಕೂ ಮುಂಚಿನ ಹಕ್ಕುಗಳ ಪುಟವನ್ನು. ಎಷ್ಟೋ ಪುಸ್ತಕಗಳಲ್ಲಿ ಆ ಪುಟದಲ್ಲಿ ಏನೂ ಇರೋದಿಲ್ಲ. ಕೃತಜ್ಞತೆಗಳ ಪುಟಕ್ಕೆ ಹೋದರೆ 'ಅನುವಾದಕರೆಲ್ಲರಿಗೂ ಋಣಿ' ಅನ್ನೋ ಒಂದು ಸಾಲು ಸಿಗುತ್ತೆ. ಋಣಿಯಾಗಿರೋದು ಬೇರೆ, ಅನುಮತಿ ಪಡೆದಿರೋದು ಬೇರೆ. ಹೆಸರು ಹಾಕಿ ಉಲ್ಲೇಖಿಸಿದರೆ ಕೃತಿಚೌರ್ಯದ ಆರೋಪ ಬರಲಿಕ್ಕಿಲ್ಲ, ಆದರೆ ಹಕ್ಕುಸ್ವಾಮ್ಯದ ಪ್ರಶ್ನೆ ಹಾಗೇ ಉಳಿದಿರುತ್ತೆ.

ಈ ಗೊಂದಲಕ್ಕೆ ಕಾರಣ ಒಂದು ಸರಳ ನಂಬಿಕೆ: ಧರ್ಮಗ್ರಂಥ ಯಾರೊಬ್ಬರ ಸ್ವತ್ತೂ ಅಲ್ಲ. ಇದರಲ್ಲಿ ಅರ್ಧ ನಿಜ ಇದೆ. 2023ರಲ್ಲಿ ದೆಹಲಿ ಹೈಕೋರ್ಟ್, ಭಕ್ತಿವೇದಾಂತ ಬುಕ್ ಟ್ರಸ್ಟ್ ಹೂಡಿದ್ದ ದಾವೆಯಲ್ಲಿ ಇದನ್ನೇ ಹೇಳಿತು. ಭಗವದ್ಗೀತೆಯಂಥ ಗ್ರಂಥದ ಮೂಲಪಾಠದ ಮೇಲೆ ಯಾರಿಗೂ ಹಕ್ಕುಸ್ವಾಮ್ಯ ಇಲ್ಲ; ಆದರೆ ಅದರ ಮೇಲೆ ಒಬ್ಬರು ಬರೆದ ವಿವರಣೆ, ವ್ಯಾಖ್ಯಾನ, ರೂಪಾಂತರಕ್ಕೆ ಇದೆ. ನಮ್ಮ ಲೇಖಕರು ಮೊದಲರ್ಧವನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ.

ವಚನಗಳನ್ನೇ ತೆಗೆದುಕೊಳ್ಳಿ. ಬಸವಣ್ಣನವರದು ಹನ್ನೆರಡನೇ ಶತಮಾನ, ಅಲ್ಲಿ ತಕರಾರಿಲ್ಲ. ತಾಳೆಗರಿಗಳಿಂದ ವಚನಗಳನ್ನು ಹುಡುಕಿ ಅಚ್ಚಿಗೆ ತಂದ ಫ. ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಎಣಿಸಬೇಕು. ಅಂದರೆ ಅವರು ಬರೆದದ್ದೆಲ್ಲ 2025ರ ಜನವರಿ 1ರಿಂದ ಇಲ್ಲಿ ಮುಕ್ತ. ಇನ್ನು ಎ. ಕೆ. ರಾಮಾನುಜನ್ ಅವರ 'ಸ್ಪೀಕಿಂಗ್ ಆಫ್ ಶಿವ'. ಪುಸ್ತಕ ಬಂದದ್ದು 1973ರಲ್ಲಿ, ಅವರು ತೀರಿಕೊಂಡದ್ದು 1993ರಲ್ಲಿ. ಅದೇ ಲೆಕ್ಕದಲ್ಲಿ 2053ರ ಕೊನೆಯವರೆಗೂ ಅದಕ್ಕೆ ರಕ್ಷಣೆ ಇದೆ. ಒಂದೇ ವಚನ, ಮೂರು ಪದರ, ಮೂರು ಬೇರೆ ಉತ್ತರ.

ನಡುವಿನ ಪದರ, ಅಂದರೆ ಸಂಪಾದನೆ, ಇವುಗಳಲ್ಲಿ ಅತಿ ಜಾರುವ ಜಾಗ. ಹಳೆಯ ಪಠ್ಯವನ್ನು ಹಾಗೇ ಅಚ್ಚು ಮಾಡಿದವರಿಗೆ ಆ ಪಠ್ಯದ ಮೇಲೆ ಹೊಸ ಹಕ್ಕು ಹುಟ್ಟೋದಿಲ್ಲ. 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಬರೀ ಶ್ರಮ ಸಾಲದು, ಕೌಶಲ ಮತ್ತು ವಿವೇಚನೆ ಜೊತೆಗೆ ಅಲ್ಪಸ್ವಲ್ಪವಾದರೂ ಸೃಜನಶೀಲತೆ ಬೇಕು ಅಂದಿತ್ತು. ಹಾಗಂತ ಸಂಪಾದಕರ ಟಿಪ್ಪಣಿಗಳನ್ನೂ, ಹರಿದ ಗರಿಯ ಖಾಲಿ ಜಾಗಕ್ಕೆ ಅವರು ಊಹಿಸಿ ತುಂಬಿದ ಪದಗಳನ್ನೂ ಎತ್ತಿಕೊಂಡರೆ ಕತೆ ಬೇರೆ. ಮೃತ ಸಮುದ್ರದ ಸುರುಳಿಗಳ ವಿಷಯದಲ್ಲಿ ಹೀಗೇ ಆಯ್ತು. ಎರಡು ಸಾವಿರ ವರ್ಷ ಹಳೆಯ ಚೂರುಗಳನ್ನು ಜೋಡಿಸಿ, ನಡುವಿನ ಕಂಡಿಗಳನ್ನು ತುಂಬಿ ಒಂದು ಪಠ್ಯ ಕಟ್ಟಿದ ವಿದ್ವಾಂಸ ಎಲಿಶಾ ಕಿಮ್ರಾನ್ ಅವರಿಗೆ, ಆ ಪುನರ್ರಚನೆಯ ಮೇಲೆ ಹಕ್ಕಿದೆ ಅಂತ ಇಸ್ರೇಲಿನ ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿತು. ಹಾಗಾಗಿ ಸಂಪಾದಿತ ಆವೃತ್ತಿಯಿಂದ ಪಠ್ಯ ತೆಗೆದುಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಇಷ್ಟೆ: ಇದು ಹಸ್ತಪ್ರತಿಯಲ್ಲಿ ಇದ್ದದ್ದೋ, ಸಂಪಾದಕರು ಕೊಟ್ಟದ್ದೋ?

ಈಗ ಒಂದು ಪುಸ್ತಕವನ್ನು ಕಲ್ಪಿಸಿಕೊಳ್ಳಿ. ಬೆಂಗಳೂರಿನ ಸಂಶೋಧಕಿಯೊಬ್ಬರು ಬರೆದಿದ್ದಾರೆ, ಲಂಡನ್ನಿನ ವಿಶ್ವವಿದ್ಯಾಲಯ ಪ್ರಕಾಶನ ಅಚ್ಚು ಮಾಡಲಿದೆ. ರಾಮಾನುಜನ್ ಅನುವಾದಿಸಿದ 30 ವಚನಗಳು ಅದರಲ್ಲಿವೆ. 8 ವಚನಗಳ ಕೆಲವೇ ಸಾಲುಗಳನ್ನು ಉದ್ಧರಿಸಿ, ಅನುವಾದದ ಪದ ಆಯ್ಕೆಯ ಬಗ್ಗೆಯೇ ಪುಟಗಟ್ಟಲೆ ಜಗಳ ಆಡಿದ್ದಾರೆ. 16 ವಚನಗಳು ಪೂರ್ತಿಯಾಗಿ ಅನುಬಂಧದಲ್ಲಿವೆ, ಓದುಗರಿಗೆ ಅನುಕೂಲ ಆಗಲಿ ಅಂತ. ಉಳಿದ 6, ಆರು ಅಧ್ಯಾಯಗಳ ನೆತ್ತಿಯ ಮೇಲೆ ಅಲಂಕಾರಕ್ಕೆ ಕೂತಿವೆ.

ಮೊದಲ ಎಂಟಕ್ಕೆ ನಮ್ಮ ಕಾಯ್ದೆಯ 52ನೇ ಕಲಮಿನ ಆಸರೆ ಇದೆ. ವಿಮರ್ಶೆಗೆ ಬೇಕಾದಷ್ಟನ್ನು ನ್ಯಾಯಯುತವಾಗಿ ಬಳಸಿದರೆ ಉಲ್ಲಂಘನೆ ಅಲ್ಲ. ಅನುಬಂಧದ ಹದಿನಾರಕ್ಕೆ ಆ ಆಸರೆ ಸಿಗೋದು ಕಷ್ಟ, ಅಲ್ಲಿ ವಿಮರ್ಶೆಯೇ ಇಲ್ಲ. ವಚನ ಚಿಕ್ಕದು, ಹತ್ತು ಸಾಲು, ಅದಕ್ಕೇನು ಅನ್ನೋ ವಾದ ನಿಲ್ಲೋದಿಲ್ಲ. ಹತ್ತು ಸಾಲು ಅಂದರೆ ಅಲ್ಲಿ ಇಡೀ ಕವಿತೆ. ನೆತ್ತಿಯ ಆರು ಸಾಲುಗಳದ್ದು ಇನ್ನೂ ತಮಾಷೆ. ಎಲ್ಲಕ್ಕಿಂತ ಕಡಿಮೆ ಜಾಗ ತಗೊಂಡಿರೋದು ಅವೇ, ಸಮರ್ಥಿಸಿಕೊಳ್ಳೋದು ಎಲ್ಲಕ್ಕಿಂತ ಕಷ್ಟ ಇರೋದೂ ಅವನ್ನೇ. ಅವು ಪುಸ್ತಕದಲ್ಲಿ ಏನೂ ಕೆಲಸ ಮಾಡ್ತಿಲ್ಲ.

ಸರಿ, ಅನುಮತಿ ಕೇಳೋಣ. 'ನಿಮ್ಮ ಪುಸ್ತಕದ ಕೆಲವು ಅನುವಾದಗಳನ್ನು ಬಳಸಬಹುದೇ' ಅಂತ ಮೇಲ್ ಹಾಕಿದರೆ ಉತ್ತರವೂ ಅಷ್ಟೇ ಮಸುಕಾಗಿರುತ್ತೆ. ಯಾವ ಆವೃತ್ತಿ, ಯಾವ ಪುಟ, ಪ್ರತಿ ವಚನದ ಮೊದಲ ಮತ್ತು ಕೊನೆಯ ಪದ ಯಾವುದು, ನಿಮ್ಮ ಪುಸ್ತಕದ ಪ್ರತಿಗಳೆಷ್ಟು, ಇ-ಪುಸ್ತಕ ಇದೆಯಾ, ಎಲ್ಲೆಲ್ಲಿ ಮಾರಾಟ ಆಗುತ್ತೆ, ಇಷ್ಟನ್ನೂ ಬರೆಯಬೇಕು. ಪ್ರಕಾಶಕರ ಕೈಯಲ್ಲಿ ಎಲ್ಲ ಹಕ್ಕೂ ಇರೋದಿಲ್ಲ. ಕೆಲವು ಅನುವಾದಕರ ವಾರಸುದಾರರ ಹತ್ತಿರ ಉಳಿದಿರಬಹುದು. ಅದಕ್ಕೇ ಪತ್ರದ ಕೊನೆಗೆ 'ನೀವು ಇದರ ಹಕ್ಕುದಾರರಲ್ಲದಿದ್ದರೆ ಯಾರನ್ನು ಕೇಳಬೇಕು ತಿಳಿಸಿ' ಅನ್ನೋ ಸಾಲು ಸೇರಿಸಿ. ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಕಾಯೋದು. ಉತ್ತರ ಬರಲಿಲ್ಲ ಅಂದರೆ ಒಪ್ಪಿದರು ಅಂತ ಅರ್ಥ ಅಲ್ಲ.

ಎಲ್ಲೆಲ್ಲಿ ಮಾರಾಟ ಅನ್ನೋದು ಬರೀ ಔಪಚಾರಿಕ ಪ್ರಶ್ನೆ ಅಲ್ಲ. ಬ್ರಿಟನ್ನಿನಲ್ಲಿ ಲೇಖಕರ ನಂತರ 70 ವರ್ಷ, ಅಂದರೆ ಇದೇ 'ಸ್ಪೀಕಿಂಗ್ ಆಫ್ ಶಿವ' ಅಲ್ಲಿ 2063ರ ಕೊನೆಯವರೆಗೆ. ಅಮೆರಿಕದಲ್ಲಿ 1973ರ ಪ್ರಕಟಣೆಗೆ 95 ವರ್ಷ, 2068ರ ಕೊನೆಯವರೆಗೆ. ಭಾರತಕ್ಕೆ ಮಾತ್ರ ಅನುಮತಿ ತಗೊಂಡು ಪುಸ್ತಕವನ್ನು ಲಂಡನ್ನಿನಿಂದ ಜಗತ್ತಿಗೆಲ್ಲ ಮಾರಿದರೆ ಆ ಅನುಮತಿ ಅಲ್ಲಿಗೆ ತಲುಪೋದೇ ಇಲ್ಲ. ಇದರ ಹೊಣೆ ಪ್ರಕಾಶಕರದ್ದಲ್ವಾ ಅನ್ನಬೇಡಿ. ಸಾಮಾನ್ಯವಾಗಿ ಕರಾರಿನಲ್ಲಿ ಲೇಖಕರು 'ಬೇರೆಯವರ ಹಕ್ಕನ್ನು ಮುಟ್ಟಿಲ್ಲ, ಮುಟ್ಟಿದ್ದರೆ ನಷ್ಟ ನನ್ನದು' ಅಂತ ಸಹಿ ಹಾಕಿರ್ತಾರೆ. ಓದದೆ ಸಹಿ ಹಾಕುವ ಪುಟಗಳಲ್ಲಿ ಅದೂ ಒಂದು.

ನನ್ನ ನಿಜವಾದ ತಕರಾರು ಲೇಖಕರಿಗಿಂತ ನಮ್ಮ ಪ್ರಕಾಶಕರ ಮೇಲೆ. ಬೈಬಲ್ಲಿನ ಎನ್‌ಐವಿ ಇಂಗ್ಲಿಷ್ ಅನುವಾದದ ಹಕ್ಕುಗಳ ಪುಟ ತೆರೆದರೆ ಲೆಕ್ಕ ಅಲ್ಲೇ ಅಚ್ಚಾಗಿದೆ. 500 ವಚನಗಳವರೆಗೆ ಲಿಖಿತ ಅನುಮತಿ ಬೇಡ, ಆದರೆ ಬೈಬಲ್ಲಿನೊಳಗಿನ ಒಂದು ಇಡೀ ಪುಸ್ತಕ ಆಗಕೂಡದು, ನಿಮ್ಮ ಕೃತಿಯ ಶೇ 25ರಷ್ಟೋ ಅದಕ್ಕಿಂತ ಹೆಚ್ಚೋ ಆಗಕೂಡದು. ಇದರಲ್ಲೂ ಎಡವಬಹುದು. ಯೋಹಾನನ ಎರಡನೇ ಪತ್ರದಲ್ಲಿ ಇರೋದೇ 13 ವಚನ. ಅದನ್ನು ಪೂರ್ತಿ ಹಾಕಿದರೆ 500ರ ಮಿತಿಯ ಹತ್ತಿರಕ್ಕೂ ಹೋಗದೆ ನಿಯಮ ಮುರಿದಿರ್ತೀರಿ. ಆದರೂ ಓದಿ ತಿಳಿಯಬಹುದಾದ ಒಂದು ನಿಯಮ ಅಂತ ಇದೆ. ವಚನಗಳ, ದಾಸರ ಪದಗಳ, ಆಳ್ವಾರರ ಹಾಡುಗಳ ಆಧುನಿಕ ಅನುವಾದಗಳಲ್ಲಿ ನಾನು ನೋಡಿದ ಬಹುಪಾಲಿನಲ್ಲಿ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ' ಅನ್ನೋದರ ಆಚೆ ಒಂದಕ್ಷರ ಇಲ್ಲ. ಹತ್ತು ವಚನಗಳವರೆಗೆ ಅಧ್ಯಯನ ಗ್ರಂಥಗಳಲ್ಲಿ ಬಳಸಿ, ಅನುವಾದಕರ ಹೆಸರು ಹಾಕಿ, ಅದಕ್ಕಿಂತ ಹೆಚ್ಚಾದರೆ ಈ ವಿಳಾಸಕ್ಕೆ ಬರೆಯಿರಿ ಅಂತ ಮೂರು ಸಾಲು ಅಚ್ಚು ಮಾಡೋಕೆ ಖರ್ಚೇನೂ ಇಲ್ಲ.

ಅಲ್ಲಿಯವರೆಗೆ ನಮ್ಮ ಸಂಶೋಧಕಿಯ ಮುಂದೆ ಇರುವ ದಾರಿ: ನೆತ್ತಿಯ ಆರನ್ನು ಕಿತ್ತು ಹಾಕೋದು. ಅನುಬಂಧದ ಹದಿನಾರಕ್ಕೆ ಹಸ್ತಪ್ರತಿ ಒಪ್ಪಿಸುವ ಮೊದಲೇ ಜಗತ್ತಿನಾದ್ಯಂತ, ಅಚ್ಚು ಮತ್ತು ಇ-ಪುಸ್ತಕ ಎರಡಕ್ಕೂ ಅನುಮತಿ ಕೇಳೋದು. ಸಿಗದಿದ್ದರೆ ಕನ್ನಡ ಮೂಲದಿಂದ ತಾನೇ ಅನುವಾದಿಸೋದು, ರಾಮಾನುಜನ್ ಪುಸ್ತಕವನ್ನು ಮುಚ್ಚಿಟ್ಟು. ತೆರೆದಿಟ್ಟುಕೊಂಡು ಎರಡು ಪದ ಬದಲಾಯಿಸಿದರೆ ಅದು ಅವರದ್ದೇ ಅನುವಾದ. ಎಂಟು ವಚನಗಳ ಜಗಳವನ್ನು ಮಾತ್ರ ಹಾಗೇ ಬಿಡಬಹುದು, ಪುಸ್ತಕದಲ್ಲಿ ಓದೋಕೆ ಮಜಾ ಇರೋದು ಅದೇ ಭಾಗ.