ಬಿಸಿಲಿನಲ್ಲೇ ಕರಗುವ ಕಾವಲು

ಸನ್‌ಸ್ಕ್ರೀನ್ ಕೊಳ್ಳುವವರು ಟ್ಯೂಬಿನ ಮುಂಭಾಗದ ಎಸ್‌ಪಿಎಫ್ ಸಂಖ್ಯೆ ನೋಡುತ್ತಾರೆ. ಅದು ಚರ್ಮ ಕೆಂಪೇರುವುದನ್ನು ಅಳೆದು ಬಂದ ಸಂಖ್ಯೆ. ಹಾಗಾಗಿ ಮುಖ್ಯವಾಗಿ ಯುವಿಬಿ ಕಿರಣಗಳ ಲೆಕ್ಕ. ಆಳಕ್ಕಿಳಿದು ಕಲೆ, ಸುಕ್ಕು ತರುವ ಯುವಿಎ ಕಿರಣಗಳನ್ನು ತಡೆಯುವವರು ಯಾರು, ಅವರು ಬಿಸಿಲಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದು ಹಿಂಭಾಗದ ಸಣ್ಣಕ್ಷರದ ಪಟ್ಟಿಯಲ್ಲಿದೆ. ಹಳೆಯ ಅವೊಬೆನ್ಜೋನ್ ಮತ್ತು ಹೊಸ ಬೆಮೊಟ್ರಿಜಿನಾಲ್ ಎಂಬ ಫಿಲ್ಟರ್‌ಗಳನ್ನು ಈ ಒಂದು ಒರೆಗೆ ಹಚ್ಚಿ ನೋಡಬೇಕು.

ಹೀರುವ ಶಕ್ತಿಯಲ್ಲಿ ಅವೊಬೆನ್ಜೋನ್ ಯಾರಿಗೂ ಕಡಿಮೆಯಲ್ಲ. ಸುಮಾರು 357 ನ್ಯಾನೋಮೀಟರ್‌ನಲ್ಲಿ, ಅಂದರೆ ಯುವಿಎಯ ನಡುಮಧ್ಯದಲ್ಲಿ, ಅದರ ಹಿಡಿತ ಅತಿ ಬಲವಾಗಿರುತ್ತದೆ. ತೊಂದರೆ ಇರುವುದು ಹೀರಿದ ಮೇಲೆ. ಈ ಅಣುವಿಗೆ ಎರಡು ರೂಪಗಳಿವೆ. ಯುವಿಎ ಹೀರುವುದು ಈನಾಲ್ ರೂಪ. ಬೆಳಕು ತಾಗಿದಾಗ ಕೆಲವು ಅಣುಗಳು ಕೀಟೋ ರೂಪಕ್ಕೆ ಹೊರಳುತ್ತವೆ. ಆ ರೂಪ ಯುವಿಎಯನ್ನು ಬಹುಮಟ್ಟಿಗೆ ಹಾಗೆಯೇ ಒಳಗೆ ಬಿಡುತ್ತದೆ. ಅದರಲ್ಲೂ ಒಂದು ಪಾಲು ಸೀಳಿ ಚೂರಾಗುತ್ತದೆ. ಚೂರಾದದ್ದು ಮತ್ತೆ ಕೂಡುವುದಿಲ್ಲ.

ಇದರ ಪರಿಣಾಮ ನಾವು ಊಹಿಸುವುದಕ್ಕಿಂತ ದೊಡ್ಡದು. ಒಂದು ಲೇಪ ಹದಿನಾರರಲ್ಲಿ ಒಂದು ಪಾಲು ಯುವಿಎಯನ್ನು ಮಾತ್ರ ಒಳಬಿಡುತ್ತದೆ, ಆ ಕೆಲಸವನ್ನೆಲ್ಲ ಅವೊಬೆನ್ಜೋನ್ ಒಂದೇ ಮಾಡುತ್ತಿದೆ ಎಂದುಕೊಳ್ಳಿ. ಆ ಲೇಪವನ್ನು ಒಂದರ ಮೇಲೊಂದು ಕೂತ ಎರಡು ಸಮ ಪದರಗಳೆಂದು ನೋಡಿದರೆ, ಮೊದಲನೆಯದು ನಾಲ್ಕರಲ್ಲೊಂದು ಪಾಲು ಬಿಡುತ್ತದೆ, ಎರಡನೆಯದು ಅದರಲ್ಲೂ ನಾಲ್ಕರಲ್ಲೊಂದು. ಅರ್ಧದಷ್ಟು ಫಿಲ್ಟರ್ ಹಾಳಾದರೆ ಒಂದು ಪದರ ಹೋದಂತೆ. ಆಗ ರಕ್ಷಣೆ ಹದಿನಾರರಿಂದ ಎಂಟಕ್ಕಲ್ಲ, ನಾಲ್ಕಕ್ಕೇ ಇಳಿಯುತ್ತದೆ. ಚರ್ಮದ ಮೇಲಿನ ಲೇಪ ಇಷ್ಟು ಸಮವಾಗಿರುವುದಿಲ್ಲ, ಆದರೂ ಇಳಿಕೆಯ ದಿಕ್ಕು ಇದೇ. ಯುವಿಎ ಸುಲಭವಾಗಿ ಉರಿ ತರುವುದಿಲ್ಲವಾದ್ದರಿಂದ ಹಚ್ಚಿಕೊಂಡವರಿಗೆ ಸುಳಿವೂ ಸಿಗದು.

ಹಾಗೆಂದು ಅವೊಬೆನ್ಜೋನನ್ನು ತಳ್ಳಿಹಾಕುವುದು ಅವಸರದ ತೀರ್ಪು. ಪಕ್ಕದಲ್ಲಿ ಆಕ್ಟೋಕ್ರಿಲೀನ್ ಇದ್ದರೆ ಅದು ಉದ್ರೇಕಗೊಂಡ ಅಣುವಿನ ಶಕ್ತಿಯನ್ನು ತಾನು ಪಡೆದು ಶಾಖವಾಗಿ ಹೊರಬಿಡುತ್ತದೆ. ಅವೊಬೆನ್ಜೋನ್ ಬಹುಪಾಲು ಉಳಿಯುತ್ತದೆ. ಇದಕ್ಕೆ ವಿರುದ್ಧವಾದದ್ದು ಆಕ್ಟಿನಾಕ್ಸೇಟ್ ಜೊತೆಗಿನ ಸಹವಾಸ. ಬೆಳಕಿನಲ್ಲಿ ಇವೆರಡೂ ಪರಸ್ಪರ ಬೆಸೆದುಕೊಂಡು ಎರಡೂ ಕೆಡುತ್ತವೆ. ಯುವಿಎಗೆ ಒಂದು, ಯುವಿಬಿಗೆ ಒಂದು ಎಂದು ಕಾಗದದ ಮೇಲೆ ಚೆಂದ ಕಾಣುವ ಜೋಡಿ ಇದು. ಸ್ಥಿರಗೊಳಿಸುವ ಮೂರನೆಯ ವಸ್ತು ಇಲ್ಲದೆ ಈ ಜೋಡಿಯನ್ನು ಮಾರುವುದು ಸೂತ್ರ ರಚಿಸಿದವರ ತಪ್ಪು. ಅಣುವನ್ನು ದೂರಿ ಫಲವಿಲ್ಲ.

ಬೆಮೊಟ್ರಿಜಿನಾಲ್‌ಗೆ ಇಂಥ ಊರುಗೋಲು ಬೇಕಿಲ್ಲ. ಬೆಳಕು ಹೀರಿದ ಕ್ಷಣ ಅದರ ಒಂದು ಹೈಡ್ರೋಜನ್ ಅಣುವಿನೊಳಗೇ ಪಕ್ಕದ ಸಾರಜನಕಕ್ಕೆ ಜಿಗಿದು ಮರಳಿ ಬರುತ್ತದೆ. ಅಷ್ಟರಲ್ಲಿ ಶಕ್ತಿ ಶಾಖವಾಗಿ ಹೋಗಿರುತ್ತದೆ. ಒಡೆಯಲು ಸಮಯವೇ ಸಿಗುವುದಿಲ್ಲ. ಸುಮಾರು 310 ಮತ್ತು 343 ನ್ಯಾನೋಮೀಟರ್‌ಗಳಲ್ಲಿ ಎರಡು ಶಿಖರಗಳಿರುವುದರಿಂದ ಯುವಿಬಿ, ಯುವಿಎ ಎರಡನ್ನೂ ಹಿಡಿಯುತ್ತದೆ, ಪಕ್ಕದ ಅವೊಬೆನ್ಜೋನನ್ನೂ ಕಾಯುತ್ತದೆ. ಆದರೆ 370ರ ಆಚೆ ಅದರ ಹಿಡಿತ ಸಡಿಲ. ಅಲ್ಲಿ 354ರ ಸುತ್ತ ಶಿಖರವಿರುವ, ಬೆಳಕಿಗೆ ಬಗ್ಗದ ಇನ್ನೊಂದು ಹೊಸ ಫಿಲ್ಟರ್ ಡಿಎಚ್‌ಎಚ್‌ಬಿ ನೆರವಾಗುತ್ತದೆ.

ಹೊಸದಕ್ಕೂ ಮಿತಿಗಳಿವೆ. ಬೆಮೊಟ್ರಿಜಿನಾಲ್ ಎಣ್ಣೆಯಲ್ಲಿ ಮಾತ್ರ ಕರಗುವ ಪುಡಿ. ಎಣ್ಣೆ ಕಡಿಮೆಯಾದರೆ ಶೇಖರಣೆಯಲ್ಲಿ ಹರಳುಗಟ್ಟಿ ಸೂತ್ರ ಕೆಡುತ್ತದೆ. ಸಾಕಷ್ಟು ಹಾಕಿದರೆ ನಮ್ಮ ಕರಾವಳಿಯ ಸೆಕೆಯಲ್ಲಿ ಮುಖ ಜಿಡ್ಡಾಗುತ್ತದೆ. ಇನ್ನು ಬೆಳಕಿಗೆ ಕೆಡದ ಫಿಲ್ಟರ್ ಬೆವರಿಗೆ, ಕರವಸ್ತ್ರದ ಒರೆಸಾಟಕ್ಕೆ ನಿಲ್ಲುತ್ತದೆಂದೇನಿಲ್ಲ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವುದು ತಪ್ಪದು. ಅತ್ತ ಆಕ್ಟೋಕ್ರಿಲೀನ್‌ಗೂ ಒಂದು ದೋಷ: ಕೀಟೊಪ್ರೊಫೆನ್ ಇರುವ ನೋವಿನ ಜೆಲ್ ಹಚ್ಚಿ ಬಿಸಿಲಲ್ಲಿ ಅಲರ್ಜಿಯಾದವರಿಗೆ ಅದೂ ಒಗ್ಗದಿರಬಹುದು.

ಪಟ್ಟಿಯಲ್ಲಿ ಈ ಹೆಸರುಗಳು ಬೇರೆ ವೇಷದಲ್ಲಿರುತ್ತವೆ. ಬ್ಯುಟೈಲ್ ಮಿಥಾಕ್ಸಿಡೈಬೆನ್ಜಾಯಿಲ್‌ಮೀಥೇನ್ ಎಂದರೆ ಅವೊಬೆನ್ಜೋನ್. ಎಥೈಲ್‌ಹೆಕ್ಸೈಲ್ ಮಿಥಾಕ್ಸಿಸಿನ್ನಮೇಟ್ ಎಂದರೆ ಆಕ್ಟಿನಾಕ್ಸೇಟ್. ಬಿಸ್-ಎಥೈಲ್‌ಹೆಕ್ಸೈಲಾಕ್ಸಿಫಿನಾಲ್ ಎಂದು ಶುರುವಾಗುವುದು ಬೆಮೊಟ್ರಿಜಿನಾಲ್. ಮೊದಲ ಎರಡು ಇದ್ದು ಮೂರನೆಯದಾಗಲಿ ಆಕ್ಟೋಕ್ರಿಲೀನ್ ಆಗಲಿ ಕಾಣದಿದ್ದರೆ, ಎಸ್‌ಪಿಎಫ್ ಎಷ್ಟೇ ಬರೆದಿರಲಿ, ನಾನು ಆ ಟ್ಯೂಬನ್ನು ಕೆಳಗಿಡುತ್ತೇನೆ. ಆಕ್ಟೋಕ್ರಿಲೀನ್ ಜೊತೆಗಿನ ಅವೊಬೆನ್ಜೋನ್ ಒಪ್ಪತಕ್ಕ ಸೂತ್ರ. ಬೆಮೊಟ್ರಿಜಿನಾಲ್ ಮತ್ತು ಡಿಎಚ್‌ಎಚ್‌ಬಿ ಸೇರಿದ್ದು ಅದಕ್ಕಿಂತ ಮೇಲು, ಹಚ್ಚಿದವರು ಜಿಡ್ಡಿಗೆ ಬೇಸತ್ತು ಅರ್ಧ ಪ್ರಮಾಣಕ್ಕೆ ಇಳಿಯದಿದ್ದರೆ. ಏಕೆಂದರೆ ಲೇಪ ಅರ್ಧವಾದಾಗಲೂ ಅದೇ ಹದಿನಾರು–ನಾಲ್ಕರ ಲೆಕ್ಕವೇ ನಡೆಯುತ್ತದೆ.